ನಕ್ಷೆ ನಮ್ಮದು, ಯಂತ್ರ ಯಾರದು?

ಕುವೈತ್‌ನಲ್ಲಿ ಧೂಳುಗಾಳಿ ಎದ್ದ ಮರುದಿನ ಎಸಿ ಮೆಕ್ಯಾನಿಕ್‌ಗಳಿಗೆ ಬಿಡುವಿರುವುದಿಲ್ಲ. ಔಟ್‌ಡೋರ್ ಯೂನಿಟ್‌ನ ಕಾಯಿಲ್ ತುಂಬ ಮರಳು. ಉಡುಪಿ ಕಡೆಯ ಒಬ್ಬ ಮೆಕ್ಯಾನಿಕ್, ಸ್ಪ್ರಿಂಗ್‌ನ ಬಲದಿಂದ ತಾನೇ ಧೂಳು ಕೊಡವಿಕೊಳ್ಳುವ ಜಾಲರಿಯೊಂದನ್ನು ಕಂಡುಹಿಡಿದರು ಎಂದುಕೊಳ್ಳೋಣ. ಮುಂದೇನು? ಸುತ್ತಲಿನವರ ಸಲಹೆ ಒಂದೇ: ‘ನಕ್ಷೆಗೆ ಕಾಪಿರೈಟ್ ಮಾಡಿಸಿಬಿಡಿ, ಯಾರೂ ಮುಟ್ಟಲ್ಲ.’

ಮುಟ್ಟುತ್ತಾರೆ. ಕಾಪಿರೈಟ್ ಕಾಯುವುದು ನಕ್ಷೆಯ ಗೆರೆಗಳನ್ನು, ಕೈಪಿಡಿಯ ವಾಕ್ಯಗಳನ್ನು. ಜಾಲರಿ ಕೆಲಸ ಮಾಡುವ ಉಪಾಯವನ್ನಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ: ತಾಂತ್ರಿಕ ನಕ್ಷೆಯನ್ನು ನೋಡಿ, ಉಪಯುಕ್ತ ಸಾಧನವೊಂದರ ಬರೀ ಕೆಲಸಕ್ಕೆ ಸಂಬಂಧಿಸಿದ ಭಾಗವನ್ನು ತಯಾರಿಸಿದರೆ ಅದು ಕಾಪಿರೈಟ್ ಉಲ್ಲಂಘನೆಯಲ್ಲ. ನಕ್ಷೆಯನ್ನೇ ಅಚ್ಚುಹಾಕಿ ಮಾರಿದರೆ ಮಾತು ಬೇರೆ.

ಟ್ರೇಡ್‌ಮಾರ್ಕ್‌ನ ಕಥೆಯೂ ಹೀಗೆಯೇ. ಜಾಲರಿಗೆ ಇಟ್ಟ ಹೆಸರು ಹತ್ತು ವರ್ಷ ನಿಮ್ಮದು, ನವೀಕರಿಸುತ್ತ ಹೋದರೆ ಇನ್ನೂ ಹೆಚ್ಚು ಕಾಲ. ಆದರೆ ಅದೇ ಜಾಲರಿಯನ್ನು ಬೇರೆ ಹೆಸರಿನಲ್ಲಿ ಮಾರುವವನನ್ನು ಅದು ತಡೆಯದು. ‘ಧೂಳು ಜಾಲರಿ’ ಎಂದು ವಸ್ತುವಿನ ಗುಣವನ್ನೇ ಹೆಸರಾಗಿಟ್ಟರೆ ನೋಂದಣಿ ಸಿಗುವುದೂ ಕಷ್ಟ.

ಉಪಾಯವನ್ನು ಕಾಯುವುದು ಪೇಟೆಂಟ್, ಅದೂ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅದರ ಗಡಿಯನ್ನು ನಿರ್ಧರಿಸುವುದು ಅರ್ಜಿಯ ಕೊನೆಯಲ್ಲಿ ಬರುವ ‘ಕ್ಲೇಮ್’ಗಳು. ಅಲ್ಲಿ ‘ಸ್ಪ್ರಿಂಗ್’ ಎಂದಷ್ಟೇ ಬರೆದರೆ, ಸಣ್ಣ ಮೋಟಾರು ಹಾಕಿ ಜಾಲರಿ ಅಲುಗಾಡಿಸುವವನು ಆ ಗಡಿಯ ಹೊರಗೆ ನಿಲ್ಲಬಹುದು. ಸಣ್ಣ ಸಂಶೋಧಕರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇನ್ನೊಂದು ನಂಬಿಕೆ: ಮೊದಲು ಮೇಳದಲ್ಲಿ ತೋರಿಸಿ, ಮೆಚ್ಚುಗೆ ಬಂದರೆ ಅರ್ಜಿ ಹಾಕೋಣ. ಪೇಟೆಂಟ್ ಕೇಳುವುದು ಹೊಸತನವನ್ನು. ಸಾರ್ವಜನಿಕರೆದುರು ಯಂತ್ರ ಬಿಚ್ಚಿ ತೋರಿಸಿದರೆ, ಯೂಟ್ಯೂಬ್‌ಗೆ ವಿಡಿಯೊ ಹಾಕಿದರೆ, ಆ ಹೊಸತನ ಅಂದೇ ಹೋಗಬಹುದು. ಭಾರತದಲ್ಲಿ ಕೇಂದ್ರ ಸರಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆ. ಸಭಾಂಗಣದಲ್ಲಿ ನಡೆಯುವ ಪ್ರತಿ ಮೇಳಕ್ಕೂ ಅದು ಸಲ್ಲುವುದಿಲ್ಲ.

‘ರಿಯಾದ್‌ನಲ್ಲಿ ಒಂದು ಅರ್ಜಿ ಹಾಕಿದರೆ ಆರೂ ಕೊಲ್ಲಿ ದೇಶಗಳಿಗೆ ಆಯಿತು’ ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಅಲ್ಲಿನ ಜಿಸಿಸಿ ಪೇಟೆಂಟ್ ಕಚೇರಿ 2021ರ ಜನವರಿಯಲ್ಲಿ ಹೊಸ ಅರ್ಜಿ ಪಡೆಯುವುದನ್ನು ನಿಲ್ಲಿಸಿತು. ಈಗ ಪೇಟೆಂಟ್ ಸಿಗುವುದು ದೇಶ ದೇಶಕ್ಕೂ ಬೇರೆಯಾಗಿ. ಭಾರತದ ಪೇಟೆಂಟ್‌ಗೆ ಕುವೈತ್‌ನಲ್ಲಿ, ಕುವೈತ್‌ನದಕ್ಕೆ ಭಾರತದಲ್ಲಿ ಬೆಲೆಯಿಲ್ಲ.

ಹಾಗೆಂದು ಎರಡೂ ಕಡೆ ಒಂದೇ ದಿನ ಓಡಬೇಕಿಲ್ಲ. ಕೈಗಾರಿಕಾ ಆಸ್ತಿಯ ಪ್ಯಾರಿಸ್ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ನಮ್ಮ ಮೆಕ್ಯಾನಿಕ್ 2026ರ ಮಾರ್ಚ್ 2ರಂದು ಭಾರತದಲ್ಲಿ ಅರ್ಜಿ ಹಾಕಿದರೆ, 2027ರ ಮಾರ್ಚ್ 2ರೊಳಗೆ ಕುವೈತ್‌ನಲ್ಲಿ ಹಾಕಿದ ಅರ್ಜಿಗೂ ಮೊದಲ ದಿನಾಂಕವೇ ಸಲ್ಲುತ್ತದೆ. ಕುವೈತ್ 2016ರಲ್ಲಿ ಸೇರಿದ, ಪಿಸಿಟಿ ಎಂಬ ಪೇಟೆಂಟ್ ಸಹಕಾರ ಒಪ್ಪಂದದ ಮಾರ್ಗದಲ್ಲಿ, ಮೊದಲ ಅರ್ಜಿಯ ಒಂದು ವರ್ಷದೊಳಗೆ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ದೇಶಗಳನ್ನು ಆಯ್ದು ದುಡ್ಡು ಕಟ್ಟಲು ಸಾಮಾನ್ಯವಾಗಿ ಮೊದಲ ದಿನಾಂಕದಿಂದ 30 ತಿಂಗಳು ಸಿಗುತ್ತದೆ, ಅಂದರೆ 2028ರ ಸೆಪ್ಟೆಂಬರ್‌ವರೆಗೆ. ಅಷ್ಟರಲ್ಲಿ ಎರಡು ಬೇಸಿಗೆಯ ಧೂಳಿನಲ್ಲಿ ಜಾಲರಿಯನ್ನು ಪರೀಕ್ಷಿಸಿ ನೋಡಬಹುದು.