ಕ್ಲೇಮು ಮಂಜೂರಾದರೂ ಪೂರ್ತಿ ಹಣ ಬಾರದೇಕೆ? ಒಂದು ಇ-ಮೇಲ್ ಬಿಡಿಸಿದ ಲೆಕ್ಕ

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರ ಉದಾಹರಣೆಯನ್ನು ಇಟ್ಟುಕೊಳ್ಳೋಣ. ವಯಸ್ಸು 66. ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಗಿ, ಸೋಂಕಿನ ಕಾರಣ ಕೆಲವು ದಿನ ಹೆಚ್ಚಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಒಟ್ಟು ಬಿಲ್ಲು 2,38,000 ರೂಪಾಯಿ. ಬಿಲ್ಲನ್ನು ಸ್ವಂತ ಹಣದಿಂದ ಕಟ್ಟಿ, ಕಾಗದಪತ್ರಗಳನ್ನೆಲ್ಲ ವಿಮಾ ಕಂಪನಿಗೆ ಕಳುಹಿಸಿದ್ದಾಯಿತು. ಕೆಲವು ದಿನಗಳ ನಂತರ ಇ-ಮೇಲ್ ಬಂದಿತು: ‘ನಿಮ್ಮ ಕ್ಲೇಮು ಅಂಗೀಕಾರವಾಗಿದೆ. ಮಂಜೂರಾದ ಮೊತ್ತ ರೂ. 1,44,000. ಕಡಿತ ರೂ. 94,000. ಕಾರಣ: ಪಾಲಿಸಿ ನಿಯಮಾನುಸಾರ ಡಿಡಕ್ಟಿಬಲ್ ಮತ್ತು ಕೋ-ಪೇಮೆಂಟ್.’

ಮೊದಲ ವಾಕ್ಯ ಓದಿ ಸಮಾಧಾನಗೊಂಡವರು ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಗಾಬರಿಯಾಗುವುದು ಸಹಜ. ವಿಮೆ 5 ಲಕ್ಷ ರೂಪಾಯಿಯದು, ಬಿಲ್ಲು ಅದರ ಅರ್ಧಕ್ಕಿಂತ ಕಡಿಮೆ. ಹಾಗಿದ್ದೂ 94 ಸಾವಿರ ಏಕೆ ಕೈಯಿಂದ ಹೋಯಿತು? ಪಾಲಿಸಿ ಮಾಡಿಸಿದ ಏಜೆಂಟರಿಗೆ ಫೋನು ಹೋಗುವುದು ಇಂಥ ಹೊತ್ತಿನಲ್ಲಿಯೇ. “ಮಂಜೂರಾಗಿದೆ ಅಂತ ಬರೆದಿದ್ದಾರಲ್ಲಪ್ಪಾ, ಮತ್ತೆ ಇಷ್ಟು ದುಡ್ಡು ಎಲ್ಲಿ ಹೋಯ್ತು?” ಎಂಬ ಪ್ರಶ್ನೆಗೆ “ನಿಯಮ ಹಾಗಿದೆ ಮೇಡಂ” ಎನ್ನುವುದು ಉತ್ತರವಾಗಲಾರದು. ಗ್ರಾಹಕರಿಗೆ ಬೇಕಾದದ್ದು ಲೆಕ್ಕ, ಅದೂ ಅವರದೇ ಬಿಲ್ಲಿನ ಲೆಕ್ಕ.

ಎರಡು ಪದ, ಎರಡು ಬಗೆಯ ಪಾಲು

ಡಿಡಕ್ಟಿಬಲ್ ಎಂದರೆ ಹೊಸ್ತಿಲಿದ್ದಂತೆ. ಖರ್ಚು ಆ ಹೊಸ್ತಿಲನ್ನು ದಾಟುವವರೆಗೂ ಕಂಪನಿಯ ಹೊಣೆ ಆರಂಭವಾಗುವುದಿಲ್ಲ. ಇದು ನಿಗದಿತ ರೂಪಾಯಿ ಮೊತ್ತ. ಬಿಲ್ಲು 1 ಲಕ್ಷವಾಗಲಿ, 4 ಲಕ್ಷವಾಗಲಿ, ಈ ಮೊತ್ತ ಬದಲಾಗದು. ಪ್ರೀಮಿಯಂ ಕಡಿಮೆಯಾಗಲೆಂದು ಗ್ರಾಹಕರೇ ಇದನ್ನು ಆರಿಸಿಕೊಳ್ಳುವುದುಂಟು. ಆರಿಸಿಕೊಂಡದ್ದು ಎಷ್ಟೋ ವೇಳೆ ಮರೆತೇ ಹೋಗಿರುತ್ತದೆ.

ಕೋ-ಪೇಮೆಂಟ್ ಅಥವಾ ಸಹಪಾವತಿ ಶೇಕಡಾವಾರು ಪಾಲು. ಒಪ್ಪಿಗೆಯಾದ ಕ್ಲೇಮಿನ ಮೊತ್ತದಲ್ಲಿ ಇಂತಿಷ್ಟು ಭಾಗವನ್ನು ಗ್ರಾಹಕರು ಭರಿಸಬೇಕು. ಬಿಲ್ಲು ಬೆಳೆದಂತೆ ಇದೂ ಬೆಳೆಯುತ್ತದೆ. ಅರವತ್ತು ದಾಟಿದ ಮೇಲೆ ಪಾಲಿಸಿ ತೆಗೆದುಕೊಂಡವರಿಗೆ ಈ ಷರತ್ತು ಹೆಚ್ಚಾಗಿ ಎದುರಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು ಎರಡೂ ಪದಗಳಿಗೆ ಪ್ರಮಾಣಿತ ವ್ಯಾಖ್ಯೆ ನೀಡಿದ್ದು, ಇವೆರಡರಿಂದಲೂ ವಿಮಾ ಮೊತ್ತ ಕಡಿಮೆಯಾಗುವುದಿಲ್ಲ ಎಂದು ಅದರಲ್ಲಿಯೇ ಹೇಳಿದೆ.

ಶಿಕ್ಷಕಿಯ ಪಾಲಿಸಿಯಲ್ಲಿ ಎರಡೂ ಇವೆ. ವರ್ಷಕ್ಕೆ 50,000 ರೂಪಾಯಿ ಡಿಡಕ್ಟಿಬಲ್, ಶೇ. 20 ಕೋ-ಪೇಮೆಂಟ್. ಕಂಪನಿಯ ಮೂರು ಸಾಲಿನ ಇ-ಮೇಲ್ ಬದಲು ಅವರಿಗೆ ಬರಬೇಕಾಗಿದ್ದ ಪತ್ರ ಹೆಚ್ಚುಕಡಿಮೆ ಹೀಗಿರುತ್ತಿತ್ತು:

‘ಮಾನ್ಯರೇ,

ನಿಮ್ಮ ಶಸ್ತ್ರಚಿಕಿತ್ಸೆಯ ಕ್ಲೇಮನ್ನು ಅಂಗೀಕರಿಸಲಾಗಿದೆ. ನಿಮ್ಮ ಖಾತೆಗೆ ಜಮೆಯಾಗುವ ಮೊತ್ತ 1,44,000 ರೂಪಾಯಿ. ಆಸ್ಪತ್ರೆಯ ಬಿಲ್ಲು 2,38,000 ರೂಪಾಯಿ ಇದ್ದು, ಉಳಿದ 94,000 ರೂಪಾಯಿ ನಿಮ್ಮ ಪಾಲಿಗೆ ಹೇಗೆ ಬಂದಿತೆಂಬುದನ್ನು ಕೆಳಗೆ ವಿವರಿಸಿದ್ದೇವೆ.

ಮೊದಲನೆಯದಾಗಿ, ಬಿಲ್ಲಿನಲ್ಲಿರುವ ನೋಂದಣಿ ಶುಲ್ಕ, ಜೊತೆಗಿದ್ದವರ ಊಟ ಮುಂತಾದ 8,000 ರೂಪಾಯಿಯ ಬಾಬುಗಳು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಇವುಗಳ ಪಟ್ಟಿಯನ್ನು ಲಗತ್ತಿಸಿದೆ. ಇದನ್ನು ಕಳೆದಾಗ ಒಪ್ಪಿತ ವೆಚ್ಚ 2,30,000 ರೂಪಾಯಿ.

ಎರಡನೆಯದಾಗಿ, ನಿಮ್ಮ ವಾರ್ಷಿಕ ಡಿಡಕ್ಟಿಬಲ್ 50,000 ರೂಪಾಯಿ. ಈ ಪಾಲಿಸಿ ವರ್ಷದಲ್ಲಿ ಇದು ನಿಮ್ಮ ಮೊದಲ ಕ್ಲೇಮು ಆದ್ದರಿಂದ ಪೂರ್ಣ ಮೊತ್ತವನ್ನು ಕಳೆಯಲಾಗಿದೆ. ಉಳಿದದ್ದು 1,80,000 ರೂಪಾಯಿ.

ಮೂರನೆಯದಾಗಿ, ಈ 1,80,000 ರೂಪಾಯಿಯ ಮೇಲೆ ಶೇ. 20ರಂತೆ ನಿಮ್ಮ ಕೋ-ಪೇಮೆಂಟ್ 36,000 ರೂಪಾಯಿ. ಅದನ್ನು ಕಳೆದಾಗ ಕಂಪನಿ ನೀಡುವ ಮೊತ್ತ 1,44,000 ರೂಪಾಯಿ.

ನಿಮ್ಮ ವಾರ್ಷಿಕ ಡಿಡಕ್ಟಿಬಲ್ ಈಗ ಪೂರ್ತಿಯಾಗಿದೆ. ಪಾಲಿಸಿ ವರ್ಷ ಮುಗಿಯುವುದರೊಳಗೆ ಮತ್ತೊಂದು ಕ್ಲೇಮು ಬಂದರೆ ಇದನ್ನು ಮತ್ತೆ ಕಳೆಯುವುದಿಲ್ಲ. ಕೋ-ಪೇಮೆಂಟ್ ಮಾತ್ರ ಅನ್ವಯಿಸುತ್ತದೆ. ನಿಮ್ಮ 5,00,000 ರೂಪಾಯಿ ವಿಮಾ ಮೊತ್ತದಲ್ಲಿ ಇನ್ನೂ 3,56,000 ರೂಪಾಯಿ ಬಾಕಿ ಇದೆ.’

ಇಷ್ಟು ಬರೆಯಲು ಕ್ಲೇಮು ವಿಭಾಗದವರಿಗೆ ಹತ್ತು ನಿಮಿಷ ಹಿಡಿಯಬಹುದು. ಅಂಕಿಗಳೆಲ್ಲ ಅವರ ಮುಂದಿನ ಪರದೆಯ ಮೇಲೆಯೇ ಇರುತ್ತವೆ. 8,000, 50,000 ಮತ್ತು 36,000 ಕೂಡಿದರೆ 94,000. ಈ ಕೂಡಿಕೆ ಸರಿಹೋದಾಗ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಯಾವುದನ್ನು ಮೊದಲು ಕಳೆಯಬೇಕು?

ಕಡಿತದ ಅನುಕ್ರಮ ಬದಲಾದರೆ ಕೈಗೆ ಬರುವ ಹಣವೂ ಬದಲಾಗುತ್ತದೆ. ಇದೇ ಕ್ಲೇಮಿನಲ್ಲಿ ಕೋ-ಪೇಮೆಂಟನ್ನು ಮೊದಲು ಕಳೆದರು ಎಂದುಕೊಳ್ಳೋಣ. 2,30,000 ರೂಪಾಯಿಯ ಶೇ. 20 ಎಂದರೆ 46,000. ಉಳಿದ 1,84,000ದಲ್ಲಿ 50,000 ಕಳೆದರೆ ಸಿಗುವುದು 1,34,000. ಅಂದರೆ ಗ್ರಾಹಕರಿಗೆ 10,000 ರೂಪಾಯಿ ನಷ್ಟ. ತಾವೇ ಪೂರ್ತಿಯಾಗಿ ಭರಿಸಿದ ಡಿಡಕ್ಟಿಬಲ್ ಮೊತ್ತದ ಮೇಲೂ ಶೇ. 20 ತೆತ್ತಂತಾಗುತ್ತದೆ. ಕಂಪನಿ ಯಾವುದೇ ಪ್ರಯೋಜನ ನೀಡುವ ಮೊದಲು ಅನ್ವಯಿಸುವ ಮೊತ್ತವೇ ಡಿಡಕ್ಟಿಬಲ್ ಎಂದು ಪ್ರಮಾಣಿತ ವ್ಯಾಖ್ಯೆ ಹೇಳುವುದರಿಂದ ಅದು ಮೊದಲು, ಕೋ-ಪೇಮೆಂಟ್ ನಂತರ ಎಂಬುದೇ ಸಹಜವಾದ ಓದು. ಆದರೂ ಆಯಾ ಪಾಲಿಸಿಯ ಷರತ್ತಿನಲ್ಲಿ ಅನುಕ್ರಮವನ್ನು ಹೇಗೆ ಬರೆದಿದ್ದಾರೆಂದು ನೋಡದೆ ವಾದಕ್ಕೆ ಇಳಿಯಬಾರದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಕೋ-ಪೇಮೆಂಟನ್ನು ಒಪ್ಪಿತ ಮೊತ್ತದ ಬದಲು ಇಡೀ ಬಿಲ್ಲಿನ ಮೇಲೆ ಲೆಕ್ಕ ಹಾಕಿದರೆ 47,600 ರೂಪಾಯಿ ಆಗುತ್ತದೆ. ಪತ್ರದಲ್ಲಿ ಕೋ-ಪೇಮೆಂಟಿನ ಅಂಕಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಅದನ್ನು 5ರಿಂದ ಗುಣಿಸಿ ನೋಡಿದರೆ ಸಾಕು. ಶೇ. 20 ಯಾವ ಮೊತ್ತದ ಮೇಲೆ ಬಿದ್ದಿದೆ ಎಂಬುದು ಗೊತ್ತಾಗುತ್ತದೆ. ಇಲ್ಲಿ 36,000ವನ್ನು 5ರಿಂದ ಗುಣಿಸಿದರೆ 1,80,000, ಲೆಕ್ಕ ಸರಿ. ಕಡಿತವನ್ನೆಲ್ಲ ಒಂದೇ ಅಂಕಿಯಾಗಿ ತೋರಿಸುವ ಪತ್ರದಲ್ಲಿ ಈ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ. ಅಂಥ ಪತ್ರ ಬಂದರೆ ಬಾಬುವಾರು ವಿವರ ಕೇಳಿ ಉತ್ತರ ಬರೆಯುವುದು ಮೊದಲ ಕೆಲಸ.

ವರ್ಷಕ್ಕೊಮ್ಮೆಯೋ, ಪ್ರತಿ ಸಲವೋ?

ಅನುಕ್ರಮಕ್ಕಿಂತಲೂ ದೊಡ್ಡ ವ್ಯತ್ಯಾಸ ತರುವ ಪ್ರಶ್ನೆ ಇದು. ಶಸ್ತ್ರಚಿಕಿತ್ಸೆಯಾದ ಐದು ತಿಂಗಳಿಗೆ ಅದೇ ಶಿಕ್ಷಕಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ, 60,000 ರೂಪಾಯಿ ಒಪ್ಪಿತ ವೆಚ್ಚ ಬಂದಿತು ಎನ್ನಿ. ಡಿಡಕ್ಟಿಬಲ್ ವಾರ್ಷಿಕವಾದ್ದರಿಂದ ಅದು ಆಗಲೇ ತೀರಿದೆ. ಕೋ-ಪೇಮೆಂಟ್ 12,000 ಕಳೆದು ಅವರಿಗೆ 48,000 ರೂಪಾಯಿ ಬರುತ್ತದೆ. ಡಿಡಕ್ಟಿಬಲ್ ಪ್ರತಿ ಕ್ಲೇಮಿಗೂ ಅನ್ವಯಿಸುವ ಪಾಲಿಸಿಯಾಗಿದ್ದರೆ 60,000ದಲ್ಲಿ ಮತ್ತೆ 50,000 ಹೋಗಿ, ಉಳಿದ 10,000ದಲ್ಲಿ 2,000 ಕೋ-ಪೇಮೆಂಟ್ ಹೋಗಿ ಸಿಗುವುದು 8,000 ಮಾತ್ರ. ಪಾಲಿಸಿಯ ಮುಖಪುಟದಲ್ಲಿ ಎರಡಕ್ಕೂ ‘ಡಿಡಕ್ಟಿಬಲ್ ರೂ. 50,000’ ಎಂದೇ ಇರಬಹುದು. ಟಾಪ್-ಅಪ್ ಪಾಲಿಸಿಗೂ ಸೂಪರ್ ಟಾಪ್-ಅಪ್ ಪಾಲಿಸಿಗೂ ಇರುವ ಮುಖ್ಯ ಭೇದ ಇದೇ: ಮೊದಲನೆಯದರಲ್ಲಿ ಪ್ರತಿ ಸಲವೂ ಹೊಸ್ತಿಲು ದಾಟಬೇಕು, ಎರಡನೆಯದರಲ್ಲಿ ವರ್ಷದ ಖರ್ಚನ್ನೆಲ್ಲ ಕೂಡಿ ಒಮ್ಮೆ ದಾಟಿದರೆ ಸಾಕು.

ವಾರ್ಷಿಕ ಡಿಡಕ್ಟಿಬಲ್ ಇರುವವರು ಮಾಡುವ ಒಂದು ಸಾಮಾನ್ಯ ತಪ್ಪು ಇಲ್ಲಿಯೇ ಅಡಗಿದೆ. ವರ್ಷದ ಆರಂಭದಲ್ಲಿ ಡೆಂಗಿ ಜ್ವರಕ್ಕೆ 30,000 ರೂಪಾಯಿ ಖರ್ಚಾಗಿ ಆಸ್ಪತ್ರೆಯಿಂದ ಬಂದವರು ‘ಹೇಗೂ 50 ಸಾವಿರ ದಾಟಿಲ್ಲ, ಏನೂ ಸಿಗುವುದಿಲ್ಲ’ ಎಂದು ಕಂಪನಿಗೆ ತಿಳಿಸುವುದೇ ಇಲ್ಲ. ಮುಂದೆ ದೊಡ್ಡ ಬಿಲ್ಲು ಬಂದಾಗ ಆ 30,000 ಲೆಕ್ಕಕ್ಕೆ ಬಾರದೆ ಪೂರ್ತಿ 50,000 ಕಳೆದುಹೋಗುತ್ತದೆ. ಸಕಾಲದಲ್ಲಿ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಸಲ್ಲಿಸಿ ದಾಖಲಿಸಿದ್ದರೆ ಎರಡನೆಯ ಸಲ ಉಳಿದ 20,000 ಮಾತ್ರ ಕಳೆಯಬೇಕಾಗುತ್ತಿತ್ತು. ಇಲ್ಲಿಯೂ ಲೆಕ್ಕಕ್ಕೆ ಬರುವುದು ಪಾಲಿಸಿ ಒಪ್ಪುವ ವೆಚ್ಚ ಮಾತ್ರ. ನೋಂದಣಿ ಶುಲ್ಕದಂಥವು ಹೊಸ್ತಿಲು ದಾಟಲು ನೆರವಾಗುವುದಿಲ್ಲ.

ಲೆಕ್ಕ ತಪ್ಪಾಗಿದೆ ಎಂದು ಕಂಡುಬಂದಲ್ಲಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಬೇಕು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಕಂಪನಿ ಒಪ್ಪದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ ಕರ್ನಾಟಕದವರು ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕೆಂಬುದನ್ನು ಮರೆಯುವಂತಿಲ್ಲ.

ಕಡಿತ ನ್ಯಾಯವಾಗಿಯೇ ಇದ್ದರೂ ಇ-ಮೇಲನ್ನು ಅಳಿಸಿಹಾಕಬಾರದು. ಶಿಕ್ಷಕಿಯ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಅವರ ಕಚೇರಿಯ ಗುಂಪು ವಿಮೆಯಲ್ಲಿ ತಾಯಿಯ ಹೆಸರೂ ಇದೆ ಎಂದುಕೊಳ್ಳಿ. ಒಂದು ಪಾಲಿಸಿಯಲ್ಲಿ ಕಡಿತವಾದ ಮೊತ್ತವನ್ನು ಮತ್ತೊಂದರಲ್ಲಿ, ಅದರ ನಿಯಮಗಳಿಗೆ ಒಳಪಟ್ಟು ಕೇಳುವ ಹಕ್ಕು ಗ್ರಾಹಕರಿಗಿದೆ. ಎರಡನೆಯ ಕಂಪನಿ ಮೊದಲು ಕೇಳುವುದೇ ಬಾಬುವಾರು ಕಡಿತ ತೋರಿಸುವ ಈ ಪತ್ರವನ್ನು, ಜೊತೆಗೆ ಬಿಲ್ಲುಗಳ ದೃಢೀಕೃತ ಪ್ರತಿಯನ್ನು. 8,000 ರೂಪಾಯಿಯ ಬಾಬುಗಳನ್ನು ಅದೂ ಕೊಡದಿರಬಹುದು. ಉಳಿದ 86,000ಕ್ಕೆ ಆ ಗುಂಪು ವಿಮೆಯಲ್ಲಿ ಪೋಷಕರಿಗೆ ಶೇ. 10 ಕೋ-ಪೇಮೆಂಟ್ ಇದ್ದರೆ 8,600 ಕಳೆದು 77,400 ರೂಪಾಯಿ ಮರಳಿ ಬರುತ್ತದೆ. 94,000 ಹೋಯಿತೆಂದು ಕೈಚೆಲ್ಲಿ ಕೂತಿದ್ದವರ ಜೇಬಿನಿಂದ ನಿಜಕ್ಕೂ ಹೋದದ್ದು ಆಗ 16,600 ರೂಪಾಯಿ.