ಖರ್ಚಾಗದ ನಾಲ್ಕು ಲಕ್ಷ

ದತ್ತಿ ಟ್ರಸ್ಟಿನ ವಾರ್ಷಿಕ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಉಳಿದ ಹಣದ ಲೆಕ್ಕವನ್ನು. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ವರ್ಷದ ಆದಾಯದ ಶೇ. 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಮೂಲನಿಧಿಗೆಂದೇ ಬಂದ ದೇಣಿಗೆಯ ಲೆಕ್ಕ ಬೇರೆ.

ವಿದ್ಯಾರ್ಥಿವೇತನ ಕೊಡುವ ಟ್ರಸ್ಟೊಂದಕ್ಕೆ 20 ಲಕ್ಷ ಆದಾಯ ಬಂತೆನ್ನಿ. 17 ಲಕ್ಷ ಖರ್ಚಾಗಬೇಕಿತ್ತು, ಆದದ್ದು 13. ಉಳಿದ 4 ಲಕ್ಷವನ್ನು ನಿರ್ದಿಷ್ಟ ಉದ್ದೇಶ ತಿಳಿಸಿ, ಗಡುವಿನೊಳಗೆ ಅರ್ಜಿ ಸಲ್ಲಿಸಿ, ಐದು ವರ್ಷದವರೆಗೆ ಕಾಯ್ದಿರಿಸಲು ಕಾನೂನಿನಲ್ಲಿ ಅವಕಾಶವಿದೆ. ಕಾನೂನಿಗೆ ಅಷ್ಟು ಸಾಕು, ದಾನಿಗೆ ಸಾಲದು.

ಬಹಳಷ್ಟು ವರದಿಗಳು ಇಲ್ಲಿ ‘ನೂರಾರು ಮಕ್ಕಳಿಗೆ ನೆರವು’ ಎಂದು ಬರೆದು, ಚೆಕ್ ವಿತರಣೆಯ ಫೋಟೊ ಹಾಕಿ ಮುಗಿಸುತ್ತವೆ. ಬರೆಯಬೇಕಾದದ್ದು ಹೀಗೆ: “170 ಮಕ್ಕಳಿಗೆ ತಲಾ 10 ಸಾವಿರ ಕೊಡುವ ಗುರಿಯಿತ್ತು. 130 ಮಕ್ಕಳಿಗೆ ಕೊಟ್ಟೆವು. ಆಯ್ಕೆಯಾದ 40 ಮಕ್ಕಳ ಆದಾಯ ಪ್ರಮಾಣಪತ್ರ ಸಮಯಕ್ಕೆ ಸಿಗಲಿಲ್ಲ. ಈ ಸಲ ಅರ್ಜಿಯನ್ನು ಜೂನ್‌ನಲ್ಲೇ ಕರೆಯುತ್ತೇವೆ.” ಈ ಮಾತು ಲೆಕ್ಕಪರಿಶೋಧಕರ ವರದಿಯ ಅಂಕಿಗಳಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ದಾನಿಗಳು ಟ್ರಸ್ಟಿಗಳನ್ನು ನೇರವಾಗಿ ಕೇಳಲಿ.