ಕೀಲಿಕೈಗಿಂತ ಮೊದಲು ಕಾಗದ

ಗೋವಾದ ಗ್ರಾಹಕರೊಬ್ಬರು 2011ರ ಕಾರೆಂದು ಹಣ ಕಟ್ಟಿದರು. ಡೀಲರ್ ಅವರಿಗೆ ಕೊಟ್ಟದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿಲೋಮೀಟರ್ ಓಡಿದ್ದ ಕಾರು. ಬದಲಿಸಿಕೊಡಿ, ಇಲ್ಲವೇ ಹಣ ವಾಪಸ್ ಕೊಡಿ ಎಂದು ಅವರು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದರು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2021ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಕಾರು ತಯಾರಿಸಿದ ಟಾಟಾ ಮೋಟರ್ಸ್ ಈ ತಪ್ಪಿಗೆ ಹೊಣೆಯಲ್ಲ ಎಂದು ಕೋರ್ಟ್ ಹೇಳಿತು. ಕಂಪನಿ ಡೀಲರ್‌ಗೆ ಕಾರು ಮಾರುತ್ತದೆ, ಡೀಲರ್ ಗ್ರಾಹಕರಿಗೆ ಮಾರುತ್ತಾನೆ, ಇವೆರಡೂ ಬೇರೆ ಬೇರೆ ವ್ಯವಹಾರ. ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತೆಂದು ತೋರಿಸದೆ ಅದನ್ನು ಕಂಪನಿಯ ತಲೆಗೆ ಕಟ್ಟಲಾಗದು ಎಂಬುದು ಕೋರ್ಟಿನ ನಿಲುವು. ಡೀಲರ್‌ನ ಹೊಣೆ ಮಾತ್ರ ಹಾಗೇ ಉಳಿಯಿತು.

ಹೊಸ ಕಾರು ಕೊಳ್ಳಲು ಹೊರಟ ಯಾರೇ ಆಗಲಿ ಈ ತೀರ್ಪನ್ನು ನೆನಪಿಟ್ಟುಕೊಳ್ಳಬೇಕು. ಷೋರೂಮಿನ ಬೋರ್ಡಿನಲ್ಲಿ ಎಷ್ಟೇ ದೊಡ್ಡ ಕಂಪನಿಯ ಹೆಸರಿದ್ದರೂ ಗ್ರಾಹಕರ ಒಪ್ಪಂದ ಇರುವುದು ಆ ಊರಿನ ಡೀಲರ್ ಜೊತೆ. ಅವನು ಬಾಯಲ್ಲಿ ಹೇಳಿದ್ದು ಬಿಲ್ಲು, ರಸೀದಿಗಳಲ್ಲಿ ಇಲ್ಲದಿದ್ದರೆ ಮುಂದೆ ಹಿಡಿದು ಕೇಳಲು ಏನೂ ಸಿಗುವುದಿಲ್ಲ.

ಬಾಯಿಮಾತು ಹೆಚ್ಚಾಗಿ ಹರಿಯುವುದು ತಿಂಗಳ ಕೊನೆಯ ವಾರದಲ್ಲಿ. ಸೇಲ್ಸ್ ಹುಡುಗರಿಗೆ ತಿಂಗಳಿಗಿಷ್ಟು ಕಾರೆಂಬ ಟಾರ್ಗೆಟ್ ಇರುತ್ತದೆ. "ಸರ್, ಈ ಆಫರ್ ಇವತ್ತಿಗೆ ಮಾತ್ರ, ನಾಳೆ ರೇಟ್ ಜಾಸ್ತಿ ಆಗುತ್ತೆ, ಐದು ಸಾವಿರ ಕಟ್ಟಿ ಬುಕ್ ಮಾಡಿಬಿಡಿ" ಎಂಬ ಮಾತು ಅಲ್ಲಿಂದ ಬರುತ್ತದೆ. ನಮ್ಮ ಕಡೆ ಇದರ ಜೊತೆಗೆ ಹಬ್ಬದ ಒತ್ತಡವೂ ಇದೆ. ಆಷಾಢದಲ್ಲಿ ಖಾಲಿ ಹೊಡೆಯುವ ಷೋರೂಮುಗಳು ಶ್ರಾವಣ ಬಂದೊಡನೆ ತುಂಬುತ್ತವೆ, ಆಯುಧಪೂಜೆಗೆ ಎಲ್ಲರಿಗೂ ಕಾರು ಮನೆಮುಂದೆ ನಿಂತಿರಲೇಬೇಕು. "ಹಬ್ಬಕ್ಕೆ ಗ್ಯಾರಂಟಿ ಡೆಲಿವರಿ" ಎಂದು ಒಪ್ಪಿಕೊಂಡವರು ಹತ್ತಾರು ಕಾರುಗಳನ್ನು ಒಂದೇ ದಿನ ಸಾಗಹಾಕುವಾಗ ತಪಾಸಣೆಯೂ ಕಾಗದಪತ್ರವೂ ಅವಸರದಲ್ಲಿ ಮುಗಿಯುತ್ತವೆ.

ಬುಕಿಂಗ್ ಫಾರ್ಮಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬಾರದು. ಡೆಲಿವರಿಯ ದಿನ ಚಾಲ್ತಿಯಲ್ಲಿರುವ ಬೆಲೆಯೇ ಅನ್ವಯ ಎಂಬ ಷರತ್ತು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಂದರೆ ಕಾರು ಎರಡು ತಿಂಗಳು ತಡವಾಗಿ, ಅಷ್ಟರಲ್ಲಿ ಬೆಲೆ ಏರಿದರೆ ಹೆಚ್ಚಳ ಗ್ರಾಹಕರ ಮೇಲೆ ಬೀಳುತ್ತದೆ. ಅದೇ ಫಾರ್ಮಿನಲ್ಲಿ ಡೆಲಿವರಿಯ ದಿನಾಂಕ, ಮಾಡೆಲ್, ಬಣ್ಣ, ತಯಾರಾದ ವರ್ಷ ಬರೆಸಿದ್ದರೆ ಕಥೆ ಬೇರೆ. ಒಪ್ಪಿದ ಅವಧಿ ಮೀರಿ ಸರಕು ತಡಮಾಡಿ ಬೆಲೆಯೇರಿಕೆಗೆ ಕಾರಣವಾಗುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಒಂದು ವಸ್ತು ಬೇಕೆಂದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಹೇಳುವುದೂ ಅದೇ ಪಟ್ಟಿಯಲ್ಲಿದೆ. "ಆಕ್ಸೆಸರಿ ಕಿಟ್ ತಗೊಂಡರೆ ಮಾತ್ರ ಬೇಗ ಕಾರು" ಎನ್ನುವವರಿಗೆ ಇದನ್ನು ಧಾರಾಳವಾಗಿ ನೆನಪಿಸಬಹುದು.

ಇನ್ನು ಆನ್‌ರೋಡ್ ಬೆಲೆ. ಅದನ್ನು ಒಂದೇ ಮೊತ್ತವಾಗಿ ನೋಡಬಾರದು, ಸಾಲುಸಾಲಾಗಿ ಬಿಡಿಸಿ ನೋಡಬೇಕು. ಬೆಂಗಳೂರಿನಲ್ಲಿ ಎಕ್ಸ್‌ಷೋರೂಂ ಬೆಲೆ 12 ಲಕ್ಷ ರೂಪಾಯಿಯ ಪೆಟ್ರೋಲ್ ಕಾರೊಂದನ್ನು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ನಡುವಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 17. ಅದೇ 2,04,000 ರೂಪಾಯಿ ಆಗುತ್ತದೆ, ಮೇಲೆ ಸೆಸ್. ಕಾರಿನ ಬೆಲೆ 10 ಲಕ್ಷ ಮೀರಿದ್ದರಿಂದ ಶೇ 1ರ ಟಿಸಿಎಸ್, ಅಂದರೆ 12,000 ರೂಪಾಯಿ ಕೂಡ ಸೇರುತ್ತದೆ. ಇದು ಕಳೆದುಹೋಗುವ ಹಣವಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಡೀಲರ್ ಪ್ಯಾನ್ ಸಂಖ್ಯೆಯ ಒಂದಕ್ಷರ ತಪ್ಪು ಹೊಡೆದರೂ ಆ ಹಣ ಗ್ರಾಹಕರ ಖಾತೆಯಲ್ಲಿ ಕಾಣಿಸುವುದಿಲ್ಲ.

ವಿಮೆಯ ಸಾಲಿನಲ್ಲಿ ಚೌಕಾಸಿಗೆ ಹೆಚ್ಚು ಜಾಗವಿದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಕಾರಿಗೇ ಆಗುವ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೂ ಸಾಕು. ಎರಡನ್ನೂ ಷೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಕೊಟೇಶನ್ ಒಂದನ್ನು ಮೇಜಿನ ಮೇಲಿಟ್ಟರೆ ಡೀಲರ್‌ನ ಪ್ರೀಮಿಯಂ ಅಲ್ಲೇ ಇಳಿಯುವುದುಂಟು. ಆದರೆ ಇಳಿದದ್ದು ಹೇಗೆಂದು ನೋಡಬೇಕು. ಹೊಸ ಕಾರಿನ ಐಡಿವಿ, ಅಂದರೆ ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಸಿಗುವ ಮೊತ್ತ, ಎಕ್ಸ್‌ಷೋರೂಂ ಬೆಲೆಯ ಶೇ 95ರಷ್ಟಿರುತ್ತದೆ. ನಮ್ಮ ಉದಾಹರಣೆಯ ಕಾರಿಗೆ ಅದು 11,40,000 ರೂಪಾಯಿ. ಪಾಲಿಸಿಯಲ್ಲಿ ಹತ್ತು ಲಕ್ಷ ಎಂದಿದ್ದರೆ ಪ್ರೀಮಿಯಂ ಇಳಿದದ್ದಕ್ಕೆ ಅದೇ ಕಾರಣ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್ ಎಂಬ ಸಾಲುಗಳು ಸರ್ಕಾರಕ್ಕೆ ಕಟ್ಟುವ ಹಣವಲ್ಲ, ತೆಗೆಸಬೇಕು. ನಂಬರ್ ಪ್ಲೇಟಿಗೂ ಪ್ರತ್ಯೇಕ ಹಣ ಕೊಡಬೇಕಿಲ್ಲ. 2019ರ ಏಪ್ರಿಲ್‌ನಿಂದ ಹೊಸ ವಾಹನಕ್ಕೆ ಎಚ್‌ಎಸ್‌ಆರ್‌ಪಿ ಒದಗಿಸುವುದು ತಯಾರಕರ ಹೊಣೆ.

ಎಲ್ಲಕ್ಕಿಂತ ಮುಖ್ಯವಾದ ಗಳಿಗೆ ನೋಂದಣಿಯ ಹಿಂದಿನ ದಿನ. ಕಾರು ಗ್ರಾಹಕರ ಹೆಸರಿಗೆ ನೋಂದಣಿಯಾದ ಮೇಲೆ ಡೀಲರ್ ಅದನ್ನು ಹೊಸದೆಂದು ಬೇರೆಯವರಿಗೆ ಮಾರಲಾರ, ಹಾಗಾಗಿ ವಾಪಸ್ ತೆಗೆದುಕೊಳ್ಳಲು ಒಪ್ಪುವುದೂ ಇಲ್ಲ. ಪೂರ್ತಿ ಹಣ ಕಟ್ಟುವ ಮುನ್ನ, ಸಂಖ್ಯೆ ಬೀಳುವ ಮುನ್ನ, ಸ್ಟಾಕ್‌ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ಕಾರು ನೋಡಬೇಕು. ಬಾಗಿಲಿನ ಅಂಚು, ಬಂಪರು, ಬಾನೆಟ್ಟಿನ ಬಣ್ಣದ ಛಾಯೆ ಒಂದೇ ಇದೆಯೇ ಎಂದು ಓರೆಯಾಗಿ ನಿಂತು ನೋಡಿದರೆ ಮರುಬಣ್ಣ ಬಳಿದದ್ದು ಗೊತ್ತಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2325 ಎಂದಿದ್ದರೆ ಅದು 2025ರ 23ನೇ ವಾರದ ಟೈರು. ಕಾರು ತಯಾರಾದದ್ದಕ್ಕಿಂತ ಟೈರು ತುಸು ಹಳೆಯದಿರುವುದು ಸಹಜ, ಒಂದು ಟೈರಿನ ವಾರ ಮಾತ್ರ ತೀರಾ ಬೇರೆಯಾಗಿದ್ದರೆ ಕಾರಣ ಕೇಳಬೇಕು.

ಆಮೇಲೆ 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಫೋಟೊ ತೆಗೆದುಕೊಂಡು ಇನ್‌ವಾಯ್ಸ್, ವಿಮಾ ಪಾಲಿಸಿ ಮತ್ತು ಫಾರ್ಮ್ 21ರ ಜೊತೆ ಬೆರಳಿಟ್ಟು ಹೋಲಿಸಬೇಕು. ಫಾರ್ಮ್ 21 ಎಂದರೆ ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ. ಕಾರು ತಯಾರಾದ ತಿಂಗಳು, ವರ್ಷವನ್ನು ಬರೆಯುವ ಸಾಲು ಅದರಲ್ಲೇ ಇದೆ. ಡಿಸೆಂಬರಿನಲ್ಲಿ ತಯಾರಾದ ಕಾರನ್ನು ಜನವರಿಯಲ್ಲಿ ನೋಂದಾಯಿಸಿದರೂ ತಯಾರಿಕೆಯ ವರ್ಷ ಬದಲಾಗುವುದಿಲ್ಲ, ಮುಂದೆ ಮಾರುವಾಗ ಬೆಲೆ ನಿಗದಿಯಾಗುವುದು ಅದರ ಮೇಲೆಯೇ. ಹಳೆಯ ವರ್ಷದ ಕಾರು ಬೇಡವೆಂದಲ್ಲ. ತಿಳಿದು ಕೊಳ್ಳುವವರಿಗೆ ಅದಕ್ಕೆ ತಕ್ಕ ರಿಯಾಯಿತಿ ಸಿಗಬೇಕು. ಹೆಸರು ಆಧಾರ್‌ನಲ್ಲಿದ್ದಂತೆಯೇ ಇದೆಯೇ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಸರಿಯಿದೆಯೇ ಎಂಬುದನ್ನೂ ಡೀಲರ್ ಅರ್ಜಿ ಸಲ್ಲಿಸುವ ಮೊದಲು ಅವನ ಕಂಪ್ಯೂಟರ್ ಪರದೆಯ ಮೇಲೆ ನೋಡಿಬಿಡಬೇಕು. ಆರ್‌ಸಿ ಬಂದ ಮೇಲೆ ತಿದ್ದಿಸಲು ಆರ್‌ಟಿಒ ಕಚೇರಿಗೆ ಅಲೆಯುವವರು ಗ್ರಾಹಕರೇ.

ಮೊದಲ ಸರ್ವಿಸ್ ಹಲವು ಕಂಪನಿಗಳಲ್ಲಿ 1,000 ಕಿಲೋಮೀಟರ್ ಅಥವಾ ಒಂದು ತಿಂಗಳಿಗೆ. ಉಚಿತ ಎಂದರೆ ಕೂಲಿ ಉಚಿತ, ಬಳಸಿದ ಸಾಮಾನಿಗೆ ಬಿಲ್ ಬರುತ್ತದೆ. ಈ ಸರ್ವಿಸ್ ಹೆಚ್ಚಾಗಿ ತಪಾಸಣೆಯಷ್ಟೇ, ಆಯಿಲ್ ಬದಲಿಸಬೇಕೋ ಬೇಡವೋ ಎಂಬುದು ಮ್ಯಾನುವಲ್‌ನ ಕೋಷ್ಟಕದಲ್ಲಿದೆ. ಸರ್ವಿಸ್ ಅಡ್ವೈಸರ್ ಅಂಡರ್‌ಬಾಡಿ ಕೋಟಿಂಗ್, ಇಲಿ ನಿರೋಧಕ ಸ್ಪ್ರೇ, ಎಸಿ ಕ್ಲೀನಿಂಗ್ ಎಂದು ಪಟ್ಟಿ ಓದತೊಡಗಿದರೆ ಆ ಕೋಷ್ಟಕ ತೆರೆದು ತೋರಿಸಿದರೆ ಸಾಕು. ತಿಂಗಳ ಹಿಂದೆ ಕಾರ್ಖಾನೆಯಿಂದ ಬಂದ ಕಾರಿನ ಎಸಿಗೆ ಕ್ಲೀನಿಂಗ್ ಬೇಕಿಲ್ಲ.

ಆದರೆ ಸರ್ವಿಸನ್ನೇ ತಪ್ಪಿಸಬಾರದು, ವಾರಂಟಿ ಕೇಳುವ ದಿನ ದಾಖಲೆ ಬೇಕಾಗುತ್ತದೆ. ಬಾಗಿಲಲ್ಲಿ ಕಿರಕಿರಿ ಶಬ್ದ, ಸ್ಟೀರಿಂಗ್ ಒಂದು ಬದಿಗೆ ಎಳೆಯುವುದು, ಹೀಗೆ ಏನಿದ್ದರೂ ಬಾಯಲ್ಲಿ ಹೇಳಿ ಬರದೆ ಜಾಬ್ ಕಾರ್ಡಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅದೇ ದೋಷ ಎರಡನೇ ಸಲ, ಮೂರನೇ ಸಲ ಬಂದರೆ ಮೊದಲ ತಿಂಗಳಿಂದಲೇ ಇತ್ತೆಂಬುದಕ್ಕೆ ಅದೇ ಪುರಾವೆ. ಡೀಲರ್ ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ, ಕೊಟ್ಟ ಬೆಲೆ 50 ಲಕ್ಷದೊಳಗಿರುವ ಕಾರಿನ ದೂರನ್ನು ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಸಲ್ಲಿಸಬಹುದು, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ.